ತಿಜೋರಿ ಇಬ್ಬರದೂ ಬೇರೆ, ಕಪಾಟು ಮಾತ್ರ ಒಂದು

ಪ್ರೀತಿಸುವವರು, ನಿಶ್ಚಿತಾರ್ಥ ಆದವರು, ಮದುವೆಯಾದವರು ಎಲ್ಲರ ನಡುವೆಯೂ ಈಗೊಂದು ಪರೀಕ್ಷೆ ನಡೆಯುತ್ತಿರುತ್ತದೆ. ‘ನನ್ನ ಮೇಲೆ ನಂಬಿಕೆ ಇದ್ದರೆ ಪಾಸ್‌ವರ್ಡ್ ಹೇಳು’ ಎನ್ನುವ ಪರೀಕ್ಷೆ. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಇದು ಇನ್ನೂ ಕಷ್ಟದ್ದು. ಅಲ್ಲಿ ಎಲ್ಲ ಲಾಗಿನ್‌ಗಳೂ ಒಂದೇ ತಿಜೋರಿಯಲ್ಲಿರುತ್ತವೆ, ಆ ತಿಜೋರಿಗೆ ಒಂದೇ ಮಾಸ್ಟರ್ ಪಾಸ್‌ವರ್ಡ್ ಇರುತ್ತದೆ. ಅದನ್ನು ಕೊಟ್ಟರೆ ಎಲ್ಲವನ್ನೂ ಕೊಟ್ಟಂತೆ, ಕೊಡದಿದ್ದರೆ ಏನನ್ನೂ ಕೊಡದಂತೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗೇನಿಲ್ಲ. ಮಾಸ್ಟರ್ ಪಾಸ್‌ವರ್ಡ್ ಯಾರಿಗೂ ಹೇಳದೆ, ಸಂಗಾತಿಗೆ ಬೇಕಾದಷ್ಟು ಲಾಗಿನ್‌ಗಳನ್ನು ಮಾತ್ರ ಹಂಚಿಕೊಳ್ಳುವ ದಾರಿ ಇದೆ. ನನ್ನ ಪ್ರಕಾರ ಗಂಡ ಹೆಂಡತಿಗೂ ಅದೇ ಸರಿಯಾದ ದಾರಿ.

ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಕೆಪಿಎಸ್‌ಸಿಗೆ ಒಂದು ಲಾಗಿನ್, ಕೆಇಎಗೆ ಇನ್ನೊಂದು, ಬ್ಯಾಂಕ್ ಪರೀಕ್ಷೆಗೆ ಮತ್ತೊಂದು. ಇವುಗಳ ಜೊತೆಗೆ ಮನೆಯ ಕರೆಂಟ್ ಬಿಲ್, ಗ್ಯಾಸ್, ಬ್ರಾಡ್‌ಬ್ಯಾಂಡ್, ಸಿನಿಮಾ ನೋಡುವ ಒಟಿಟಿ. ನನ್ನ ತಿಜೋರಿಯಲ್ಲಿ ಸದ್ಯ 61 ಲಾಗಿನ್‌ಗಳಿವೆ. ಅವುಗಳಲ್ಲಿ ಗಂಡನಿಗೆ ನಿಜವಾಗಿ ಬೇಕಾಗುವುದು ಏಳು ಮಾತ್ರ.

ಆ ಏಳಕ್ಕಾಗಿ ಮಾಸ್ಟರ್ ಪಾಸ್‌ವರ್ಡ್ ಕೊಟ್ಟರೆ ಏನಾಗುತ್ತದೆ ನೋಡಿ. ಅದು ಕೈಯಲ್ಲಿದ್ದವರು 61 ಲಾಗಿನ್‌ಗಳನ್ನೂ ಒಂದೇ ಫೈಲಿಗೆ ಇಳಿಸಿಕೊಳ್ಳಬಹುದು, ಮಾಸ್ಟರ್ ಪಾಸ್‌ವರ್ಡನ್ನೇ ಬದಲಿಸಬಹುದು, ಇಡೀ ಖಾತೆಯನ್ನೇ ಅಳಿಸಬಹುದು. ನನ್ನ ಗಂಡ ಹಾಗೆ ಮಾಡುವವರಲ್ಲ. ಆದರೆ ಅವರ ಫೋನ್ ಬಸ್ಸಿನಲ್ಲಿ ಕಳೆದುಹೋದರೆ, ಅವರ ಲ್ಯಾಪ್‌ಟಾಪಿಗೆ ಮಾಲ್‌ವೇರ್ ಹೊಕ್ಕರೆ, ಅಪಾಯ ಅವರ ಖಾತೆಗಳಿಗೆ ಮಾತ್ರವಲ್ಲ, ನನ್ನವಕ್ಕೂ ತಟ್ಟುತ್ತದೆ. ಒಂದೇ ಗುಟ್ಟು ಎರಡು ಕಡೆ ಇದ್ದರೆ ಅದು ಸೋರುವ ದಾರಿಯೂ ಎರಡಾಗುತ್ತದೆ.

‘ಗಂಡ ಹೆಂಡತಿ ನಡುವ ಎಂಥಾ ಗುಟ್ಟವಾ?’ ಎಂದು ನಮ್ಮ ಅತ್ತೆ ಕೇಳಿದರು. ನಮ್ಮಿಬ್ಬರ ನಡುವೆ ಗುಟ್ಟಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೆ ಗಂಡನ ತಿಜೋರಿಯಲ್ಲಿ ಅವರ ಕಂಪನಿಯ ಲಾಗಿನ್‌ಗಳೂ ಇವೆ. ಅವು ಅವರ ಸ್ವಂತದ್ದಲ್ಲ, ನನಗೆ ತೋರಿಸುವ ಹಕ್ಕು ಅವರಿಗಿಲ್ಲ. ನನ್ನ ತಿಜೋರಿಯಲ್ಲಿ ನನ್ನ ತಂಗಿಯ ಸ್ಕಾಲರ್‌ಶಿಪ್ ಅರ್ಜಿಯ ಲಾಗಿನ್ ಇದೆ. ನನ್ನನ್ನು ನಂಬಿ ಕೊಟ್ಟಿದ್ದು ಅವಳು. ಒಬ್ಬರ ತಿಜೋರಿಯಲ್ಲಿ ಇರುವುದೆಲ್ಲ ಆ ಒಬ್ಬರದೇ ಅಲ್ಲ ಎನ್ನುವುದನ್ನು ನಾವು ಮರೆಯುತ್ತೇವೆ.

ಹಾಗಾದರೆ ದಾರಿ ಯಾವುದು? ನಾವು ಬಳಸುವುದು ಬಿಟ್‌ವಾರ್ಡನ್. ಬೇರೆ ಮ್ಯಾನೇಜರ್‌ಗಳಲ್ಲೂ ಹಂಚಿಕೊಳ್ಳುವ ಏರ್ಪಾಡು ಇದೆ, ಆದರೆ ನಾನು ಬಲ್ಲದ್ದನ್ನೇ ಹೇಳುತ್ತೇನೆ. ಮೊದಲು ಇಬ್ಬರೂ ಪ್ರತ್ಯೇಕ ಖಾತೆ ತೆರೆಯಬೇಕು, ಇಬ್ಬರ ಮಾಸ್ಟರ್ ಪಾಸ್‌ವರ್ಡೂ ಬೇರೆ ಬೇರೆ ಇರಬೇಕು. ನಂತರ ಒಬ್ಬರು ಅದರ ವೆಬ್‌ಸೈಟಿಗೆ ಲಾಗಿನ್ ಆಗಿ New organization ಒತ್ತಿ, ಉಚಿತ ಯೋಜನೆ ಆರಿಸಿಕೊಳ್ಳಬೇಕು. ಹೆಸರು ಕಚೇರಿಯ ಹಾಗೆ ಕೇಳಿಸುತ್ತದೆ, ಆದರೆ ಇದು ಇಬ್ಬರ ನಡುವೆ ಇಡುವ ಒಂದು ಕಪಾಟು ಅಷ್ಟೇ. ಉಚಿತ ಯೋಜನೆಯಲ್ಲಿ ಈ ಕಪಾಟಿಗೆ ಇಬ್ಬರೇ ಸದಸ್ಯರು, ಒಳಗೆ ಎರಡೇ ಖಾನೆ. ಖಾನೆಗೆ ಅಲ್ಲಿ collection ಎನ್ನುತ್ತಾರೆ. ಅಪ್ಪ ಅಮ್ಮನನ್ನೂ ಸೇರಿಸಬೇಕೆಂದರೆ ಆರು ಜನರವರೆಗಿನ ಕುಟುಂಬದ ಯೋಜನೆಗೆ ದುಡ್ಡು ಕೊಡಬೇಕು. ಜೋಡಿಗೆ ಉಚಿತದ್ದೇ ಸಾಕು.

ನಾನು ಎರಡು ಖಾನೆ ಮಾಡಿದೆ. ‘ಮನೆ’ ಎನ್ನುವುದರಲ್ಲಿ ಕರೆಂಟ್, ಗ್ಯಾಸ್, ಬ್ರಾಡ್‌ಬ್ಯಾಂಡ್, ಒಟಿಟಿ ಸೇರಿ ನಾಲ್ಕು. ‘ಅರ್ಜಿ’ ಎನ್ನುವುದರಲ್ಲಿ ನೇಮಕಾತಿ ಪೋರ್ಟಲ್‌ಗಳ ಮೂರು. ಬಳಿಕ Members ಪುಟದಿಂದ ಗಂಡನ ಇಮೇಲ್‌ಗೆ ಆಹ್ವಾನ ಕಳಿಸಿದೆ. ‘ಮನೆ’ಯಲ್ಲಿ ತಿದ್ದುವ ಅನುಮತಿ ಕೊಟ್ಟೆ, ‘ಅರ್ಜಿ’ಯಲ್ಲಿ ನೋಡುವ ಅನುಮತಿ ಮಾತ್ರ. ಅವರು ಇಮೇಲ್ ತೆರೆದು ಒಪ್ಪಿಕೊಂಡರು.

ಎಷ್ಟೋ ಜೋಡಿಗಳು ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುತ್ತವೆ. ಆಮೇಲೆ ‘ನನಗೆ ಏನೂ ಕಾಣಿಸುತ್ತಿಲ್ಲ’ ಎಂಬ ದೂರು ಬರುತ್ತದೆ. ಕರೆದವರು ಮತ್ತೆ Members ಪುಟಕ್ಕೆ ಹೋಗಿ ಆ ಹೆಸರಿನ ಮುಂದೆ Confirm ಒತ್ತುವವರೆಗೂ ಖಾನೆ ತೆರೆದುಕೊಳ್ಳುವುದಿಲ್ಲ. Needs confirmation ಎಂದು ಅಲ್ಲಿ ಕಾಣುತ್ತಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಅರ್ಥ. ಇದು ಸುಮ್ಮನೆ ಇಟ್ಟ ಹೆಜ್ಜೆಯಲ್ಲ. ಕಪಾಟಿಗೆ ತನ್ನದೇ ಆದ ಒಂದು ಕೀಲಿ ಇರುತ್ತದೆ. Confirm ಒತ್ತಿದಾಗ ಆ ಕೀಲಿಯನ್ನು ಗಂಡನ ಖಾತೆ ಮಾತ್ರ ತೆರೆಯಬಲ್ಲ ಹಾಗೆ ಮುಚ್ಚಿ ಕಳಿಸಲಾಗುತ್ತದೆ. ನನ್ನ ಮಾಸ್ಟರ್ ಪಾಸ್‌ವರ್ಡ್ ಅವರಿಗೆ ಹೋಗುವುದಿಲ್ಲ, ಅವರದು ನನಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಪರದೆಯ ಮೇಲೆ ಐದು ಇಂಗ್ಲಿಷ್ ಪದಗಳ ಒಂದು ಸಾಲು ಬರುತ್ತದೆ. ಅದೇ ಸಾಲು ಅವರ ಖಾತೆಯ ಸೆಟ್ಟಿಂಗ್ಸ್‌ನಲ್ಲೂ ಇರುತ್ತದೆ. ಫೋನ್ ಮಾಡಿ ಓದಿಸಿ, ಎರಡೂ ಒಂದೇ ಎಂದು ನೋಡಿಕೊಂಡೇ ಒತ್ತಬೇಕು. ಸೇರುತ್ತಿರುವುದು ನಮ್ಮವರೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೀಗೆ.

ಕೊನೆಯ ಹೆಜ್ಜೆ, ನನ್ನ ತಿಜೋರಿಯ ಏಳು ಲಾಗಿನ್‌ಗಳನ್ನು Assign to collections ಮೂಲಕ ಖಾನೆಗೆ ಸೇರಿಸುವುದು. ಸೇರಿಸಿದ ಮೇಲೆ ಅದು ಪ್ರತಿಯಲ್ಲ, ಇಬ್ಬರಿಗೂ ಇರುವುದು ಅದೊಂದೇ. ಹೀಗಾಗಿ ಗಂಡ ಬ್ರಾಡ್‌ಬ್ಯಾಂಡ್ ಪಾಸ್‌ವರ್ಡ್ ಬದಲಿಸಿ ಅಲ್ಲಿ ಉಳಿಸಿದರೆ ನನಗೂ ಹೊಸದೇ ಸಿಗುತ್ತದೆ. ನಾನು ಅಳಿಸಿದರೆ ಅವರಿಗೂ ಇಲ್ಲವಾಗುತ್ತದೆ. ಉಳಿದ 54 ಲಾಗಿನ್‌ಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಇದರಿಂದ ಉಪಯೋಗವೇನು ಎನ್ನುವುದಕ್ಕೆ ಒಂದು ಉದಾಹರಣೆ. ನಾನು ಓದುವ ರೀಡಿಂಗ್ ರೂಮಿನಲ್ಲಿ ಫೋನ್ ಹೊರಗಿಡಬೇಕು. ಹಾಲ್ ಟಿಕೆಟ್ ಬಿಟ್ಟಿದ್ದಾರೆ ಎಂದು ಗೊತ್ತಾದ ದಿನ ಗಂಡ ಅಲ್ಲಿಂದಲೇ ಲಾಗಿನ್ ಆಗಿ, ಪ್ರಿಂಟ್ ತೆಗೆದು, ಹೆಸರು, ಫೋಟೊ, ಪರೀಕ್ಷಾ ಕೇಂದ್ರ ಸರಿಯಿದೆಯೇ ಎಂದು ನೋಡಿರುತ್ತಾರೆ. ಆದರೆ ಎಲ್ಲ ಪೋರ್ಟಲ್‌ನಲ್ಲೂ ಇದು ನಡೆಯುವುದಿಲ್ಲ. ಮೊಬೈಲ್‌ಗೆ ಒಟಿಪಿ ಬರುವ ಕಡೆ ಪಾಸ್‌ವರ್ಡ್ ಇದ್ದೂ ಅವರು ಬಾಗಿಲಲ್ಲೇ ನಿಲ್ಲಬೇಕು. ಅಂಥ ಪೋರ್ಟಲ್‌ಗೆ ನಾನು ಮಧ್ಯಾಹ್ನ ಊಟಕ್ಕೆ ಹೊರಬಂದಾಗ, ಇಬ್ಬರೂ ಫೋನಿನಲ್ಲಿ ಮಾತಾಡುತ್ತಲೇ ಲಾಗಿನ್ ಆಗುತ್ತೇವೆ. ಹಂಚಿಕೊಂಡದ್ದು ಪಾಸ್‌ವರ್ಡ್, ಸಿಮ್ ಅಲ್ಲವಲ್ಲ.

ಯಾವುದನ್ನು ಹಂಚಬಾರದು ಎನ್ನುವುದೂ ಅಷ್ಟೇ ಮುಖ್ಯ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳೇ ಹೇಳುತ್ತವೆ. ಇಬ್ಬರ ದುಡ್ಡು ಒಂದೆಡೆ ಇರಬೇಕೆಂದರೆ ಜಂಟಿ ಖಾತೆ ತೆರೆದು ಇಬ್ಬರೂ ಬೇರೆ ಬೇರೆ ಲಾಗಿನ್ ಪಡೆಯುವುದು ಮೇಲು. ಇಮೇಲ್ ಅಂತೂ ಬೇಡವೇ ಬೇಡ. ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಹೆಚ್ಚಿನ ಸೈಟುಗಳ ಹೊಸ ಲಿಂಕ್ ಬರುವುದು ಅಲ್ಲಿಗೇ. ಇಮೇಲ್ ಕೊಟ್ಟವರು ಮಾಸ್ಟರ್ ಪಾಸ್‌ವರ್ಡ್ ಬಚ್ಚಿಟ್ಟು ಫಲವಿಲ್ಲ.

ಇನ್ನು ಈ ಅನುಮತಿಗಳ ಮಿತಿ. ಪಾಸ್‌ವರ್ಡ್ ಕಾಣದಂತೆ ಮರೆಮಾಡಿ ಹಂಚುವ ಆಯ್ಕೆಯೂ ಇದೆ. ಆದರೆ ಲಾಗಿನ್ ಆಗಬೇಕೆಂದರೆ ಆ ಪಾಸ್‌ವರ್ಡ್ ಅವರ ಬ್ರೌಸರಿಗೆ ಬಂದೇ ಬರಬೇಕು. ಮನಸ್ಸು ಮಾಡಿದವರು ಅಲ್ಲಿಂದ ಅದನ್ನು ನೋಡಿಕೊಳ್ಳಬಲ್ಲರು. ಹಾಗೆಯೇ ‘ನೋಡುವ ಅನುಮತಿ ಮಾತ್ರ’ ಎನ್ನುವುದು ಕಪಾಟಿನೊಳಗಿನ ನಿಯಮ, ಪೋರ್ಟಲ್‌ಗೆ ಅದು ಗೊತ್ತಿಲ್ಲ. ಲಾಗಿನ್ ಆದವರು ಅಲ್ಲಿ ನನ್ನ ಅರ್ಜಿಯನ್ನೇ ತಿದ್ದಬಹುದು. ಆದ್ದರಿಂದ ಯಾರಿಗೆ ಕೊಡುವುದು ಎಂಬ ಯೋಚನೆಯನ್ನು ಯಾವ ಸಾಫ್ಟ್‌ವೇರೂ ನಮ್ಮ ಪರವಾಗಿ ಮಾಡಲಾರದು. ಎಷ್ಟು ಕೊಡುವುದು ಎನ್ನುವುದಕ್ಕೆ ಮಾತ್ರ ಅದು ಬೇಲಿ ಹಾಕಿಕೊಡುತ್ತದೆ.

ದಿನಬಳಕೆಯಲ್ಲಿ ಎದುರಾಗುವ ತೊಡಕು ಇನ್ನೊಂದು. ಸಂಗಾತಿಯ ಫೋನಿನ ಬ್ರೌಸರ್ ಹಳೆಯ ಪಾಸ್‌ವರ್ಡನ್ನು ಮೊದಲೇ ನೆನಪಿಟ್ಟುಕೊಂಡಿರುತ್ತದೆ. ನಾವು ಬದಲಿಸಿದ ಮೇಲೂ ಅದು ಹಳೆಯದನ್ನೇ ತುಂಬುತ್ತದೆ, ನಾಲ್ಕಾರು ಬಾರಿ ತಪ್ಪಾದರೆ ಪೋರ್ಟಲ್ ಲಾಕ್ ಆಗಬಹುದು. ಅರ್ಜಿಯ ಕೊನೆಯ ದಿನ ಹೀಗಾದರೆ ಗತಿಯೇನು? ಒಬ್ಬರಿಗೆ ಲಾಗಿನ್ ಆಗಿ ಇನ್ನೊಬ್ಬರಿಗೆ ಆಗುತ್ತಿಲ್ಲ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಬ್ರೌಸರಿನ ನೆನಪಿನಿಂದ ಆ ಏಳನ್ನು ಅಳಿಸಿ, ಪಾಸ್‌ವರ್ಡ್ ಉಳಿಸುವ ಅದರ ಸೌಲಭ್ಯವನ್ನು ಆಫ್ ಮಾಡಿಟ್ಟರೆ ತೊಡಕು ತೀರಿತು.

‘ನಾಳೆ ಒಬ್ಬರಿಗೆ ಏನಾದರೂ ಆದರೆ ಉಳಿದದ್ದನ್ನು ತೆಗೆಯುವುದು ಹೇಗೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಸ್ಟರ್ ಪಾಸ್‌ವರ್ಡ್ ಕಳೆದುಹೋದರೆ ಕಂಪನಿಯೂ ನಮಗೆ ತೆರೆದುಕೊಡಲಾರದು. ದುಡ್ಡು ಕೊಡುವ ಯೋಜನೆಯಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ನಾವು ಮೊದಲೇ ಹೆಸರಿಸಿದವರು ಪ್ರವೇಶ ಕೇಳಿದಾಗ ನಮಗೆ ಸೂಚನೆ ಬರುತ್ತದೆ, ನಾವು ಗೊತ್ತುಮಾಡಿದಷ್ಟು ದಿನ ಉತ್ತರಿಸದಿದ್ದರೆ ಅವರಿಗೆ ಬಾಗಿಲು ತೆರೆಯುತ್ತದೆ. ದುಡ್ಡು ಬೇಡವೆಂದರೆ ಮಾಸ್ಟರ್ ಪಾಸ್‌ವರ್ಡ್ ಬರೆದು, ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ಮನೆಯ ಅಲ್ಮೇರಾದಲ್ಲಿ ಇಡಬಹುದು. ನಾವು ಮಾಡಿರುವುದು ಇದನ್ನೇ. ಲಕೋಟೆ ಒಡೆದರೆ ಗೊತ್ತಾಗುತ್ತದೆ. ಹೇಳಿಕೊಟ್ಟ ಪಾಸ್‌ವರ್ಡನ್ನು ಯಾರು ಯಾವಾಗ ಬಳಸಿದರು ಎನ್ನುವುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ.

ಇನ್ನೂ ಮದುವೆಯಾಗದ ಗೆಳೆಯ ಗೆಳತಿಯರಿಗೆ ಕೊನೆಯದಾಗಿ ಒಂದು ಲೆಕ್ಕ. ಸಂಬಂಧ ಮುರಿದರೆ ಸದಸ್ಯರ ಪಟ್ಟಿಯಿಂದ ಹೆಸರು ತೆಗೆದರಷ್ಟೇ ಸಾಲದು. ಒಮ್ಮೆ ನೋಡಿದ ಪಾಸ್‌ವರ್ಡ್ ಅವರ ಬಳಿ ಉಳಿದಿರಬಹುದು. ಹೆಸರು ತೆಗೆದ ಮೇಲೆ ಹಂಚಿಕೊಂಡಿದ್ದ ಪ್ರತಿಯೊಂದನ್ನೂ ಆಯಾ ಸೈಟಿಗೆ ಹೋಗಿ ಬದಲಿಸಲೇಬೇಕು. ಖಾನೆಯ ಮೂಲಕ ಹಂಚಿದ್ದರೆ ನಾನು ಬದಲಿಸಬೇಕಾದದ್ದು ಏಳು, ಒಂದು ಸಂಜೆಯ ಕೆಲಸ. ಮಾಸ್ಟರ್ ಪಾಸ್‌ವರ್ಡ್ ಕೊಟ್ಟಿದ್ದರೆ 61. ಅದೂ ಅಳುವ ದಿನಗಳಲ್ಲಿ.