ಆ ಒಂದು ದಿನದ ಕಥೆ

ವಯಸ್ಸಾದವರು ಹಳೆಯ ಮಾತನ್ನೇ ಮತ್ತೆ ಮತ್ತೆ ಆಡತೊಡಗಿದರೆ ಮನೆಯವರು ಅದನ್ನು ಅರಳುಮರಳಿನ ಮೊದಲ ಮೆಟ್ಟಿಲೆಂದು ಭಾವಿಸುವುದುಂಟು. ವೈದ್ಯರೂ ಬಹುಕಾಲ ಹಾಗೆಯೇ ಭಾವಿಸಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅವರು ಈ ಎಣಿಕೆಯನ್ನು ತಿರುವಿಹಾಕಿದರು. ಮುಪ್ಪಿನಲ್ಲಿ ಮನುಷ್ಯನು ಹಿಂದಿರುಗಿ ನೋಡುವುದು ಸಹಜವಾದ ಕೆಲಸ. ಬಾಳಿನ ಲೆಕ್ಕವನ್ನು ತನ್ನ ಮನಸ್ಸಿಗೆ ತಾನೇ ಒಪ್ಪಿಸುವ ಪ್ರಯತ್ನವದು ಎಂದು ಅವರು ಬರೆದರು. ಆ ಪ್ರಯತ್ನಕ್ಕೆ ಒಂದು ಕ್ರಮವನ್ನು ಕೊಟ್ಟು ನೆರವಾಗುವ ವಿಧಾನವೇ ಇಂದು ಸ್ಮರಣ ಚಿಕಿತ್ಸೆ ಎನಿಸಿಕೊಂಡಿದೆ.

ಆದರೆ ಹಳೆಯದನ್ನು ನೆನೆಯುವುದೆಲ್ಲವೂ ಚಿಕಿತ್ಸೆಯಾಗದು. ಮನಸ್ಸು ಕುಗ್ಗಿದವರನ್ನು “ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳಿದರೆ, “ಏನಿತ್ತು, ಎಲ್ಲ ಬರೀ ಕಷ್ಟ” ಎಂಬ ಒಂದೇ ಉತ್ತರ ಬರುವುದು ಸಾಮಾನ್ಯ. ಖಿನ್ನತೆ ಕವಿದಾಗ ನೆನಪುಗಳ ಅಂಚು ಮಾಸುತ್ತದೆ. ಇಂಥ ದಿನ, ಇಂಥ ಮಾತು ಎಂಬುದು ಅಳಿಸಿಹೋಗಿ ಬಾಳೆಲ್ಲವೂ ಒಂದೇ ಬೂದುಬಣ್ಣದ ಮುದ್ದೆಯಂತೆ ತೋರುತ್ತದೆ. ಈ ಮುದ್ದೆಯನ್ನು ಬಿಡಿಸುವುದೇ ಇಲ್ಲಿನ ಮುಖ್ಯ ಕೆಲಸ. ಸ್ಪೇನ್ ದೇಶದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 65 ವರ್ಷ ದಾಟಿದ, ಖಿನ್ನತೆಯ ಲಕ್ಷಣಗಳಿದ್ದ 43 ಮಂದಿ ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿನವರೊಡನೆ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಕುಳಿತು ಬಾಲ್ಯ, ಹರೆಯ, ಗೃಹಸ್ಥ ಜೀವನ ಎಂಬ ಕ್ರಮದಲ್ಲಿ ಒಂದೊಂದು ಕಾಲಕ್ಕೂ ಸೇರಿದ ನಿರ್ದಿಷ್ಟ ಸಂಗತಿಗಳನ್ನು ಕೇಳಲಾಯಿತು. ಆ ಗುಂಪಿನವರ ಖಿನ್ನತೆಯೂ ನಿರಾಸೆಯೂ ತಗ್ಗಿದವು. ಬಿಡಿ ಬಿಡಿಯಾದ ನೆನಪುಗಳು ಹೆಚ್ಚಿದವು.

ಕೃಷ್ಣರಾಜನಗರದ ಕಡೆಯ ಭೇರ್ಯದಲ್ಲಿ ಇದು ಹೇಗೆ ನಡೆದೀತು ಎಂಬುದಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಎಪ್ಪತ್ತೆಂಟು ವರ್ಷದ ತಾಯಿ. ಪತಿ ತೀರಿಕೊಂಡು ವರ್ಷವಾಗಿದೆ. ಮಾತು ಕಡಿಮೆಯಾಗಿದೆ, ಬೆಳಗಿನ ಸಂಗತಿ ಸಂಜೆಗೆ ಮರೆತುಹೋಗುತ್ತಿದೆ. ಮೈಸೂರಿನಲ್ಲಿ ನೌಕರಿಯಲ್ಲಿರುವ ಮಗ ರಜೆಗೆ ಬಂದವನೇ, “ಅವ್ವಾ, ಬೆಳಿಗ್ಗೆ ಏನು ತಿಂದೆ ಹೇಳು? ಈ ಹುಡುಗನ ಹೆಸರು ಹೇಳು, ನೋಡೋಣ” ಎಂದು ಪರೀಕ್ಷೆಗೆ ತೊಡಗುತ್ತಾನೆ. ತಾಯಿ ಮುಖ ತಿರುಗಿಸಿಕೊಳ್ಳುತ್ತಾಳೆ. ಆಕೆಯಲ್ಲಿ ಯಾವ ಶಕ್ತಿ ಕುಂದಿದೆಯೋ ಅದನ್ನೇ ಮಗ ಹುಡುಕಿ ತಟ್ಟುತ್ತಿದ್ದಾನೆ. ಹೊಸ ಸಂಗತಿಯನ್ನು ಹಿಡಿದಿಡುವ ಮೆದುಳಿನ ಭಾಗವೇ ಮರೆವಿನ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಸೊರಗುತ್ತದೆ. ಹಲವು ಬಾರಿ ನೆನೆದು, ಹಲವರಿಗೆ ಹೇಳಿದ ಹಳೆಯ ಸಂಗತಿಗಳು ಹೆಚ್ಚು ಕಾಲ ನಿಲ್ಲುತ್ತವೆ. ಅದರಲ್ಲಿಯೂ ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳು ಎಲ್ಲರಲ್ಲಿಯೂ ದಟ್ಟವಾಗಿರುತ್ತವೆ. ಈ ತಾಯಿಗಾದರೆ ಅದು ಹೊಸ ನಾಣ್ಯ ಬಂದ 1957ರಿಂದ ಮುಂದಿನ ಇಪ್ಪತ್ತು ವರ್ಷ.

ಮೊಮ್ಮಗಳು ಬೇರೆ ದಾರಿ ಹಿಡಿಯುತ್ತಾಳೆ. ಅಟ್ಟದಲ್ಲಿದ್ದ ಹಿತ್ತಾಳೆಯ ಹಳೆಯ ಪಾವನ್ನು ಒರೆಸಿ ತಂದು ಅಜ್ಜಿಯ ಕೈಗಿಡುತ್ತಾಳೆ. ಪ್ರಶ್ನೆ ಕೇಳುವುದಿಲ್ಲ, “ಅಜ್ಜಿ, ಇದರಲ್ಲಿ ಹೇಗೆ ಅಳೀತಿದ್ರಿ? ನಂಗೆ ಗೊತ್ತಿಲ್ಲ” ಎನ್ನುತ್ತಾಳೆ. ಅಜ್ಜಿ ಅದನ್ನು ತಿರುಗಿಸಿ ನೋಡಿ, “ನಾಕು ಪಾವಿಗೆ ಒಂದು ಸೇರು ಕಣವ್ವ. ತಲೆ ತಟ್ಟಿ ಅಳೀಬಾರ್ದು, ಗೋಪುರ ಬರ್ಬೇಕು” ಎಂದು ಕೈಯಲ್ಲೇ ತೋರಿಸುತ್ತಾಳೆ. ಈವರೆಗೆ ಎಲ್ಲರಿಂದಲೂ ಹೇಳಿಸಿಕೊಳ್ಳುತ್ತಿದ್ದವಳು ಈಗ ಹೇಳಿಕೊಡುವವಳಾದಳು. ಮನಸ್ಸು ಅರಳುವುದಕ್ಕೆ ನೆನಪಿನಷ್ಟೇ ಈ ಸ್ಥಾನ ಬದಲಾವಣೆಯೂ ಕಾರಣ.

ಮುಂದಿನ ವಾರ ಚುಂಚನಕಟ್ಟೆಯ ದನಗಳ ಜಾತ್ರೆಯ ಮಾತು. “ಜಾತ್ರೆ ಚೆನ್ನಾಗಿತ್ತು” ಎಂಬಲ್ಲಿಗೆ ಅಜ್ಜಿ ನಿಲ್ಲಿಸುತ್ತಾಳೆ. ಇದು ಇನ್ನೂ ಮುದ್ದೆಯೇ. ಆಗ ಮೊಮ್ಮಗಳು ಮೆಲ್ಲಗೆ ಒಂದು ದಿನದತ್ತ ಇಳಿಸುತ್ತಾಳೆ. “ನೀವು ಮೊದಲ ಸಲ ಹೋದ ದಿನ ಗಾಡಿಯಲ್ಲಿ ಯಾರ್ಯಾರಿದ್ರು? ಬುತ್ತಿಗೆ ಏನು ಕಟ್ಟಿದ್ರಿ?” ತಡವಾಗಿ ಉತ್ತರ ಬರುತ್ತದೆ: ಮುಂಜಾನೆಯ ಚಳಿ, ಗಾಡಿಯ ಹುಲ್ಲು, ತಂದೆ ಹೊದಿಸಿದ ಕಂಬಳಿ, ಮಾರಿ ಬಂದ ಎತ್ತಿಗಾಗಿ ದಾರಿಯುದ್ದಕ್ಕೂ ಅತ್ತದ್ದು. ಈ ಮೌನಕ್ಕೆ ಕಾಯುವುದೇ ಕೇಳುವವರಿಗೆ ಕಷ್ಟದ ಪಾಠ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ ಬರುವ ಮಾತು ನಡುವೆ ಬಾಯಿ ಹಾಕಿದರೆ ಬಾರದು. ಅರ್ಧ ಗಂಟೆ ಸಾಕು. ಒಂದು ದಿನಕ್ಕೆ ಒಂದೇ ವಿಷಯ. ಮುಂದಿನ ವಾರಗಳಲ್ಲಿ ಶಾಲೆ, ಮದುವೆ, ಮೊದಲ ಮಗು, ಗದ್ದೆಯ ನಾಟಿ ಹೀಗೆ ಕ್ರಮವಾಗಿ ಬಾಳಿನ ಜೊತೆಗೇ ನಡೆಯಬೇಕು.

ಕೆಡುವುದು ಎರಡು ಬಗೆಯಲ್ಲಿ. ಮೊದಲನೆಯದು ತಿದ್ದುವುದು. “ಇಲ್ಲವ್ವ, ಅದು ಅಪ್ಪನ ಕಾಲದ್ದಲ್ಲ, ನೀನು ಮರೆತಿದ್ದೀಯ” ಎಂದು ಮಗ ನಡುವೆ ನುಡಿದರೆ ಮಾತು ಅಲ್ಲಿಗೇ ಮುಗಿಯಿತು. ಇಸವಿ ತಪ್ಪಿದರೆ ಯಾವ ಆಸ್ತಿಯೂ ಹೋಗುವುದಿಲ್ಲ. ಎರಡನೆಯದು ಗಾಯವನ್ನು ಕೆದಕುವುದು. ತೀರಿಹೋದ ಕೂಸಿನ ನೆನಪು ಬಂದು ಅಜ್ಜಿ ಅತ್ತರೆ ಮಾತನ್ನು ಥಟ್ಟನೆ ಬದಲಿಸಬಾರದು. ಕೈಹಿಡಿದು ಕೇಳಿ, ಆ ಮೇಲೆ ಹಿತವಾದ ಮತ್ತೊಂದು ನೆನಪಿನಲ್ಲಿ ಅಂದಿನ ಮಾತನ್ನು ಮುಗಿಸಬೇಕು. ಅತ್ತು ಹಗುರವಾದವರು ಮರುದಿನ ಎಂದಿನಂತೆ ಉಣ್ಣುತ್ತಾರೆ, ಮಲಗುತ್ತಾರೆ. ಅದಿಲ್ಲದೆ ನಿದ್ದೆ ಊಟ ತಪ್ಪಿ, ಒಂದೇ ಅಪರಾಧ ಅಥವಾ ಒಂದೇ ಹಗೆಯನ್ನು ಸುತ್ತಿ ಸುತ್ತಿ ಆಡತೊಡಗಿದರೆ ಅದು ಸ್ಮರಣೆಯಲ್ಲ, ಕೊರಗು. ಅಲ್ಲಿಗೆ ಮನೆಯವರ ಕೆಲಸ ಮುಗಿದು ತರಬೇತಾದವರ ಕೆಲಸ ಆರಂಭವಾಗುತ್ತದೆ. ಬೇಸರ ಎರಡು ವಾರ ಬಿಡದಿದ್ದರೆ, ಬದುಕು ಸಾಕೆಂಬ ಮಾತು ಬಂದರೆ ವೈದ್ಯರ ಬಳಿಗೆ ಹೋಗಬೇಕು; 14416ಕ್ಕೆ ಕರೆಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಲಹೆಗಾರರು ಸಿಗುತ್ತಾರೆ. ಎರಡು ಮೂರು ದಿನಗಳಲ್ಲೇ ಗೊಂದಲ ಹಠಾತ್ತನೆ ಹೆಚ್ಚಿದರೆ ಪಾವು ಸೇರು ಹುಡುಕುತ್ತ ಕೂರಬಾರದು. ಅದಕ್ಕೆ ಸೋಂಕೋ ಔಷಧಿಯ ವಿಪರೀತವೋ ಕಾರಣವಾಗಿರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದರ ಮಿತಿಯನ್ನೂ ಅರಿತಿರಬೇಕು. ಮರೆವಿನ ರೋಗ ಇದರಿಂದ ವಾಸಿಯಾಗದು. ಹೋದ ಶಕ್ತಿ ಮರಳಿ ಬಾರದು. ಆ ರೋಗವುಳ್ಳವರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ತೂಗಿ ನೋಡಿದಾಗ ನೆನಪಿಗೂ ಮಾತುಕತೆಗೂ ದೊರೆತ ಲಾಭ ಅಲ್ಪವೆಂದೇ ಕಂಡಿತು. 2012ರಲ್ಲಿ ಬ್ರಿಟನ್ನಿನಿಂದ ವರದಿಯಾದ ಒಂದು ದೊಡ್ಡ ಪರೀಕ್ಷೆಯಲ್ಲಿ ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ ನೆನಪುಗಳನ್ನು ಹಂಚಿಕೊಳ್ಳಿಸಿದರು. ಒಟ್ಟಾರೆ ಲಾಭ ಕಾಣಲಿಲ್ಲ. ನೋಡಿಕೊಳ್ಳುವವರ ಆತಂಕ ಕೊಂಚ ಹೆಚ್ಚಿತು. ತಾಯಿಗೆ ಒಳಿತಾಗಲಿ ಎಂದು ಸೊಸೆಯ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಬಾರದೆಂಬುದು ಇದರ ತಾತ್ಪರ್ಯ. ಮೊಮ್ಮಕ್ಕಳು, ನೆರೆಯವರು, ಮೈಸೂರಿನಿಂದ ಬರುವ ಮಗ ಸರದಿಯಂತೆ ಕೂರುವುದು ಲೇಸು.

ಕೊನೆಗೊಂದು ಮಾತು. ಪ್ರತಿ ಬಾರಿಯೂ ಅಜ್ಜಿಯ ಮಾತಿನಲ್ಲೇ ಐದಾರು ಸಾಲುಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವಾರ ಓದಿ ಹೇಳಬೇಕು. ಮುಂದೆ ಮರೆವು ಹೆಚ್ಚಿದಾಗಲೂ ಆ ಪುಸ್ತಕ ನಿಷ್ಫಲವಾಗದು. ಆಕೆಯನ್ನು ನೋಡಿಕೊಳ್ಳಲು ಬಂದ ಅಪರಿಚಿತ ದಾದಿಗೆ, ಮಂಚದ ಮೇಲಿರುವುದು ಬರಿಯ ರೋಗಿಯಲ್ಲ, ಮಾರಿದ ಎತ್ತಿಗಾಗಿ ಚುಂಚನಕಟ್ಟೆಯ ದಾರಿಯುದ್ದಕ್ಕೂ ಅತ್ತ ಹುಡುಗಿ ಎಂಬುದು ಅದರಿಂದ ತಿಳಿಯುತ್ತದೆ.