ಉಮ್ಮ ಹೋದ ಮೇಲೆ ಮಾತು ಬಿಟ್ಟ ಗಂಡ

ಮರಣವಾದ ಮನೆಗೆ ಹೋಗುವುದರಲ್ಲಿ ನಮ್ಮವರು ಹಿಂದೆ ಬೀಳುವವರಲ್ಲ. ಮೊದಲ ಮೂರು ದಿನ ಅಂಗಳ ತುಂಬ ಪ್ಲಾಸ್ಟಿಕ್ ಕುರ್ಚಿ, ನೆರೆಮನೆಯಿಂದ ಊಟ, ಒಳಗೆ ಯಾಸೀನ್ ಓದುವ ಹೆಂಗಸರು. ನಾಲ್ಕನೇ ದಿನ ಬಾಡಿಗೆ ಕುರ್ಚಿ ವಾಪಸ್ ಹೋಗುತ್ತದೆ. ಆಮೇಲೆ ಆ ಮನೆಯ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಾಗ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ನನ್ನ ಗಂಡನ ತಂಗಿಯ ಮಗಳ ಮನೆಯಲ್ಲಿ ಆದದ್ದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ. ಮನೆ ಉಳ್ಳಾಲದ ಕಡೆ, ಗಂಡ ಕೆಲಸಕ್ಕಿರುವುದು ಜುಬೈಲ್‌ನಲ್ಲಿ. ಅವನ ಉಮ್ಮ ಒಂದು ದಿನ ಸುಬ್‌ಹಿಯ ಹೊತ್ತಿಗೆ ತೀರಿಕೊಂಡರು. ಅಸರ್ ನಮಾಝ್ ಆದ ಮೇಲೆ ದಫನ್ ಆಯಿತು. ಮಯ್ಯತ್ತನ್ನು ಕಾಯಿಸಬಾರದು, ಅದು ಸರಿಯೇ. ಆದರೆ ಮಗ ಸಿಕ್ಕಿದ ವಿಮಾನ ಹಿಡಿದು ಮನೆ ಮುಟ್ಟುವಾಗ ಮರುದಿನ ಬೆಳಿಗ್ಗೆ. ಅವನಿಗೆ ನೋಡಲು ಸಿಕ್ಕಿದ್ದು ಪಳ್ಳಿಯ ಹಿಂದಿನ ಹಸಿ ಮಣ್ಣು ಮಾತ್ರ. ಗಲ್ಫ್‌ನಲ್ಲಿ ಮಕ್ಕಳಿರುವ ಎಷ್ಟು ಮನೆಗಳಿಗೆ ಇದು ಗೊತ್ತಿಲ್ಲ ಹೇಳಿ!

ಜನ ಇದ್ದಷ್ಟು ದಿನ ಅವನು ಸರಿಯೇ ಇದ್ದ. ಬಂದವರಿಗೆ ಸಲಾಂ ಹೇಳಿದ, ಲೆಕ್ಕ ಚುಕ್ತಾ ಮಾಡಿದ. ಜನ ಕಡಿಮೆಯಾದ ಮೇಲೆ ಬಾಯಿ ಮುಚ್ಚಿತು. ಬಾವಿಯ ಪಂಪ್ ಬಿಚ್ಚಿ ಜೋಡಿಸುವುದು, ಗೇಟಿಗೆ ಪೈಂಟ್ ಹೊಡೆಯುವುದು, ಇಲ್ಲದಿದ್ದರೆ ಉಮ್ಮನ ಮಂಚದ ಮೇಲೆ ಫೋನ್ ಹಿಡಿದುಕೊಂಡು ಕೂರುವುದು. ಇವಳು ಪ್ರತಿ ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳುತ್ತಿದ್ದಳು: "ಎಂತಾಯಿತು ನಿಮಗೆ? ನನ್ನ ಹತ್ರವಾದ್ರೂ ಹೇಳಿ." ಅವನು "ಎಂತ ಇಲ್ಲ" ಅನ್ನುತ್ತಿದ್ದ. ಒಂದು ರಾತ್ರಿ ಇವಳಿಗೆ ಅಳು ಬಂತು: "ನನ್ನ ಮೇಲೆ ಕೋಪವಾ?" ಅವನು ತಲೆದಿಂಬು ತೆಗೆದುಕೊಂಡು ಹಾಲ್‌ಗೆ ಹೋಗಿ ಮಲಗಿದ.

ಬೆಳಿಗ್ಗೆ ಅವಳು ನನಗೆ ಫೋನ್ ಮಾಡಿ, "ಮಾಮಿ, ಅವರಿಗೆ ನಾನು ಬೇಡವಾಗಿದ್ದೇನೆ" ಅಂದಳು.

ತಪ್ಪು ತಿಳಿಯುವುದು ಇಲ್ಲಿಯೇ. ದುಃಖದಲ್ಲಿ ಇರುವವ ಬಾಯಿ ಮುಚ್ಚಿದರೆ ಹತ್ತಿರದವರಿಗೆ ಅದು ತಮ್ಮನ್ನು ದೂರ ತಳ್ಳಿದ ಹಾಗೆ ಕಾಣುತ್ತದೆ. ಹೆಚ್ಚಿನ ಸಲ ಹೇಳಲು ಮಾತೇ ಸಿಕ್ಕಿರುವುದಿಲ್ಲ, ಅಷ್ಟೇ. ರಾತ್ರಿ ದೀಪ ಆರಿಸಿ ಮುಖಕ್ಕೆ ಮುಖ ಕೊಟ್ಟು ಕೇಳುವ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಕೊಡದಿದ್ದರೆ ಹೆಂಡತಿಗೆ ಬೇಸರ. ಆಗ ಅವನ ತಲೆ ಮೇಲೆ ಉಮ್ಮನ ದುಃಖದ ಜೊತೆ ಹೆಂಡತಿಯ ಬೇಸರವೂ ಬಂದು ಕೂರುತ್ತದೆ. ಸುಲಭದ ದಾರಿ ಎದ್ದು ಹೋಗುವುದು.

ಪಂಪ್ ಬಿಚ್ಚಿದ್ದನ್ನು ನೋಡಿ ನಾದಿನಿಯರು "ಅವನಿಗೆ ದುಃಖವೇ ಇಲ್ಲ" ಅಂದರಂತೆ. ಅದೂ ಸರಿಯಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸ್ಟ್ರೋಬೆ ಮತ್ತು ಶುಟ್ ಎಂಬ ಇಬ್ಬರು 1999ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ದುಃಖಿಸುವವರು ಸ್ವಲ್ಪ ಹೊತ್ತು ಸತ್ತವರ ಕಡೆಗೆ, ಸ್ವಲ್ಪ ಹೊತ್ತು ದಿನದ ಕೆಲಸದ ಕಡೆಗೆ ಹೋಗಿ ಬರುತ್ತಾ ಇರುತ್ತಾರೆ, ಹಾಗೆ ಹೋಗಿ ಬರುವುದರಿಂದಲೇ ತಡೆದುಕೊಳ್ಳಲು ಆಗುತ್ತದೆ ಎಂಬುದು ಅವರ ಮಾತಿನ ಸಾರ. ಪಂಪ್ ರಿಪೇರಿ ಅಂದರೆ ಅವನಿಗೆ ಉಸಿರು ತೆಗೆದುಕೊಳ್ಳುವ ಜಾಗ. ಅಲ್ಲಿಗೆ ಹೋಗಿ "ಉಮ್ಮನ ನೆನಪು ಬರುವುದಿಲ್ಲವಾ?" ಅಂತ ಕೇಳಬಾರದು.

"ಮೂರು ದಿನ ಆಯಿತಲ್ಲ, ಇನ್ನೆಂತ" ಎನ್ನುವವರೂ ನಮ್ಮಲ್ಲಿದ್ದಾರೆ. ಮೂರು ದಿನದ ಮಿತಿ ಇರುವುದು ಹೊರಗಿನ ಶೋಕಾಚರಣೆಗೆ. ಮನಸ್ಸಿನ ದುಃಖಕ್ಕೆ ಯಾರೂ ದಿನ ಎಣಿಸಿ ಕೊಟ್ಟಿಲ್ಲ. ಯೂಸುಫ್ ನೆಬಿಯವರನ್ನು ಕಳೆದುಕೊಂಡ ಯಅ್‌ಕೂಬ್ ನೆಬಿಯವರು ಮಕ್ಕಳಿಂದ ಮುಖ ತಿರುಗಿಸಿ, ದುಃಖವನ್ನು ಒಳಗೇ ನುಂಗಿಕೊಂಡರು, ಕಣ್ಣೇ ಬೆಳ್ಳಗಾಯಿತು ಎಂದು ಕುರ್‌ಆನ್‌ನಲ್ಲಿ ಉಂಟು. ಇನ್ನೂ ಅದನ್ನೇ ನೆನೆಯುತ್ತೀರಾ ಅಂತ ಆಕ್ಷೇಪಿಸಿದ್ದು ಮನೆಯ ಮಕ್ಕಳೇ.

ನಾನು ಅವಳಿಗೆ ಹೇಳಿದ್ದು ಎರಡೇ. ಒಂದು, ರಾತ್ರಿಯ ಪ್ರಶ್ನೆ ನಿಲ್ಲಿಸು. ಅದರ ಬದಲು ಒಮ್ಮೆ ಮಾತ್ರ ಹೇಳು: "ನಿಮಗೆ ಮಾತಾಡಬೇಕು ಅನಿಸಿದಾಗ ನಾನುಂಟು. ಅನಿಸದಿದ್ರೆ ಬೇಡ, ನನಗೆ ಬೇಸರ ಇಲ್ಲ." ಹೇಳಿ ಅಲ್ಲಿಗೇ ಬಿಡಬೇಕು, ದಿನಾ ನೆನಪಿಸಿದರೆ ಅದೂ ಒತ್ತಾಯವೇ ಆಗುತ್ತದೆ. ಎರಡು, ಅವನ ಹತ್ತಿರ ಇರು, ಆದರೆ ಕೈಯಲ್ಲಿ ಒಂದು ಕೆಲಸ ಇರಲಿ. ಅವನು ಗೇಟಿಗೆ ಪೈಂಟ್ ಹೊಡೆಯುವಾಗ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿ. ಅಸರ್ ಕಳೆದ ಮೇಲೆ ಎರಡು ಗ್ಲಾಸ್ ಚಾ ತಂದು ಒಂದನ್ನು ಅವನ ಪಕ್ಕ ಇಡು. "ಬೇಕಾ?" ಅಂತ ಕೇಳಬೇಡ, ಕೇಳಿದರೆ "ಬೇಡ" ಅಂತಲೇ ಬರುತ್ತದೆ.

ಇನ್ನೊಂದು ಉಪಾಯ ಅವಳದ್ದೇ. ಖದೀಜಾ ಬೀವಿಯವರು ತೀರಿದ ಎಷ್ಟೋ ವರ್ಷಗಳ ನಂತರವೂ ಪ್ರವಾದಿಯವರು ಆಡು ಕೊಯ್ದರೆ ಅವರ ಗೆಳತಿಯರಿಗೆ ಮಾಂಸ ಕಳಿಸುತ್ತಿದ್ದರು ಎಂದು ಹದೀಸ್‌ನಲ್ಲಿ ಬರುತ್ತದೆ. ಇವಳು ಒಂದು ದಿನ ಪತ್ತಿರಿ, ಕೋಳಿ ಸಾರು ಮಾಡಿ ಟಿಫಿನ್‌ಗೆ ತುಂಬಿಸಿ, "ಉಮ್ಮನ ಜೋಸ್ತಿ ಒಬ್ರಿದ್ದಾರಲ್ಲ, ಅವರಿಗೆ ಕೊಟ್ಟು ಬರುವಾ, ಕಾರು ತೆಗೀರಿ" ಅಂದಳು. ಉಮ್ಮನ ಹೆಸರು ಮಾತಿನಲ್ಲಿ ಬಂತು, ಅವನು ಉತ್ತರ ಹೇಳಬೇಕಾದ ಪ್ರಶ್ನೆ ಮಾತ್ರ ಬರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ, ರಸ್ತೆ ನೋಡಿಕೊಂಡೇ ಅವನು ಹೇಳಿದನಂತೆ: "ಮೊದಲಿನ ದಿನ ರಾತ್ರಿ ಉಮ್ಮನ ಕಾಲ್ ಬಂದಿತ್ತು. ಡ್ಯೂಟಿಯಲ್ಲಿದ್ದೆ. ನಾಳೆ ಮಾಡುವಾ ಅಂತ ಬಿಟ್ಟೆ."

ಅವನು ಮಂಚದ ಮೇಲೆ ಕೂತು ದಿನಾ ನೋಡುತ್ತಿದ್ದದ್ದು ಆ ಮಿಸ್ಡ್ ಕಾಲನ್ನು. ಮುಖಕ್ಕೆ ಮುಖ ಕೊಟ್ಟಾಗ ಬಾರದ ಮಾತು ಪಕ್ಕ ಪಕ್ಕ ಕೂತಾಗ ಬರುವುದುಂಟು, ಕಾರಿನಲ್ಲಿ ಕಣ್ಣಿಗೆ ಕಣ್ಣು ಕೊಡಬೇಕೆಂದಿಲ್ಲವಲ್ಲ. ಇಂಥ ಹೊತ್ತಿನಲ್ಲಿ ನಾವು ಕೂಡಲೇ "ಎಲ್ಲ ಅಲ್ಲಾಹನ ವಿಧಿ, ನಿಮ್ಮ ತಪ್ಪಲ್ಲ" ಅಂದುಬಿಡುತ್ತೇವೆ. ಮಾತು ಸತ್ಯ, ಹೊತ್ತು ಸರಿಯಿಲ್ಲ. ಅದು ಬಾಯಿಗೆ ಬೀಗ ಹಾಕಿದ ಹಾಗೆ. ಇವಳು "ಹೂಂ" ಅಂದು ಸುಮ್ಮನಿದ್ದಳು. ಮನೆ ಮುಟ್ಟುವಷ್ಟರಲ್ಲಿ ಅವನು ಇನ್ನೂ ನಾಲ್ಕು ಮಾತು ಹೇಳಿದ್ದ.

ಹಾಗೆಂದು ಎಲ್ಲ ಮೌನವನ್ನೂ ಕಾಯುತ್ತಾ ಕೂರಬಾರದು. ವಾರಗಟ್ಟಲೆ ನಿದ್ದೆ ಊಟ ಇಲ್ಲ, ಕೆಲಸಕ್ಕೆ ಏಳಲು ಆಗುವುದಿಲ್ಲ, ಅಮಲಿನ ಕಡೆಗೆ ಹೋಗುತ್ತಿದ್ದಾರೆ ಅಂದರೆ ಡಾಕ್ಟರ ಹತ್ತಿರ ಹೋಗಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, 6 ತಿಂಗಳು ದಾಟಿದರೂ ಬದುಕು ನಡೆಯದಂತೆ ಕಟ್ಟಿಹಾಕುವ ತೀವ್ರ ದುಃಖವನ್ನು ಚಿಕಿತ್ಸೆ ಬೇಕಾದ ತೊಂದರೆ ಎಂದೇ ಹೇಳಿದೆ. "ನಾನೂ ಉಮ್ಮನ ಹತ್ರ ಹೋಗ್ತೇನೆ" ಎಂಬ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಆಗ ನೇರವಾಗಿ ಕೇಳಿ, ಜೀವ ತೆಗೆದುಕೊಳ್ಳುವ ಯೋಚನೆ ಉಂಟಾ ಅಂತ. ಕೇಳಿದರೆ ಆ ಯೋಚನೆ ತಲೆಗೆ ತುಂಬಿಸಿದ ಹಾಗಾಗುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ. ಸರಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲಿಯೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಾಯುವ ಹೆಂಡತಿಗೂ ದಣಿವು ಉಂಟು. ಅವಳೂ ಒಬ್ಬ ಉಮ್ಮನನ್ನು ಕಳೆದುಕೊಂಡವಳೇ. ಅವಳು ಅತ್ತದ್ದು ನನ್ನ ಹತ್ತಿರ, ಫೋನಿನಲ್ಲಿ. ಗಂಡನ ಮೌನದ ಬಗ್ಗೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಕೊಳ್ಳುವ ಬದಲು ಹೀಗೆ ನಂಬುವ ಒಬ್ಬರಿದ್ದರೆ ಸಾಕು.

ಅವನೀಗ ಜುಬೈಲ್‌ಗೆ ವಾಪಸ್ ಹೋಗಿದ್ದಾನೆ. ಅಲ್ಲಿಂದ ಫೋನ್ ಮಾಡಿದರೂ ಮಾತು ಕಡಿಮೆಯೇ. ಇವಳು ವಿಡಿಯೋ ಕಾಲ್ ಹಾಕಿ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟು ಅಡುಗೆ ಮಾಡುತ್ತಾಳೆ. ಅವನು ಅಲ್ಲಿ ಬಟ್ಟೆ ಇಸ್ತ್ರಿ ಹಾಕುತ್ತಾನೆ. ಹತ್ತು ನಿಮಿಷ ಇಬ್ಬರೂ ಏನೂ ಹೇಳುವುದಿಲ್ಲ. ಕಳೆದ ಶುಕ್ರವಾರ ಮಾತ್ರ ಅವನೇ ಕೇಳಿದನಂತೆ, "ಮೀನಿಗೆ ಉಮ್ಮ ಹುಳಿ ಎಷ್ಟು ಹಾಕ್ತಿದ್ರು, ನಿನಗೆ ಗೊತ್ತುಂಟಾ?"