ಮುಗಿದದ್ದು ಕರಾರು ಕಣ್ರೋ, ನೀವು ಕೊಟ್ಟ ರಾಜೀನಾಮೆ ಅಲ್ಲ

1/4
ಗಂಡಸಿ ಹ್ಯಾಂಡ್‌ಪೋಸ್ಟಲ್ಲಿ ಬೆಳಿಗ್ಗೆ ಬಸ್ಸು ಹತ್ತೋ ನಮ್ಮ ಬ್ಯಾಚಿನವರೇ, ಇದು ನಿಮಗೆ. ಒಂದು ವರ್ಷದ ಕರಾರು ಮುಗಿಯೋ ದಿನ ಎಚ್‌ಆರ್‌ನವರು ಒಂದು ಹಾಳೆ ಮುಂದಿಡ್ತಾರೆ: "ವೈಯಕ್ತಿಕ ಕಾರಣದಿಂದ ರಾಜೀನಾಮೆ." ಸೈನ್ ಹಾಕಿದ್ರೆ ದುಡ್ಡು ಬೇಗ ಬರುತ್ತೆ ಅಂತಾರೆ. ಹಾಕಬೇಡಿ!

ಕರಾರು ಮುಂದುವರಿಸದೇ ಇರೋದು ಕಂಪನಿಯ ಹಕ್ಕು, ಒಪ್ಪೋಣ. ಅವಧಿ ಮುಗಿದು ಕೆಲಸ ನಿಂತರೆ ಕಾನೂನು ಅದನ್ನ ರಿಟ್ರೆಂಚ್‌ಮೆಂಟ್ ಅನ್ನಲ್ಲ. ಆದ್ರೆ ತಾವು ತಗೊಂಡ ತೀರ್ಮಾನವನ್ನ ನಿಮ್ಮ ಕೈಲಿ ಬರೆಸೋದು ಯಾವ ನ್ಯಾಯ?

2/4
ಈ ಹಾಳೆ ಹಿಂದೆ ಗ್ರಾಚ್ಯುಟಿ ಇದೆ. ಮೊದಲು ಅದಕ್ಕೆ ಸಾಮಾನ್ಯವಾಗಿ ಐದು ವರ್ಷ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸೇವೆ ಸಾಕು. ಆದ್ರೆ ಐದು ವರ್ಷದ ವಿನಾಯಿತಿ ಸಿಗೋದು ಅವಧಿ ಮುಗಿದು ಹೊರಬಂದಾಗ. ನೀವಾಗೇ ಬಿಟ್ರಿ ಅಂತ ಕಾಗದ ಇದ್ರೆ ಜಗಳಕ್ಕೆ ದಾರಿ ಆಯ್ತು.

3/4
ಲೆಕ್ಕ ನೋಡಿ. ಡಿಸೆಂಬರ್ 1ಕ್ಕೆ ಸೇರಿ ಮುಂದಿನ ನವೆಂಬರ್ 30ಕ್ಕೆ ಕರಾರು ಮುಗಿಯುವ ಒಬ್ಬಳು ಇದ್ದಾಳೆ ಅಂದ್ಕೊಳ್ಳಿ. ಮೂಲ ವೇತನ, ಡಿಎ ಸೇರಿ ತಿಂಗಳಿಗೆ ₹13,000. ಅದನ್ನ 26ರಿಂದ ಭಾಗಿಸಿ: ದಿನಕ್ಕೆ ₹500. ಹದಿನೈದು ದಿನದ್ದು ₹7,500, ಅದೇ ಗ್ರಾಚ್ಯುಟಿ. ಎಂಟು ದಿನ ರಜೆ ಉಳಿದಿದ್ರೆ ₹4,000. ನವೆಂಬರ್ ಸಂಬಳ ₹13,000. ಪಿಎಫ್ ಕಡಿತಕ್ಕೆ ಮುಂಚೆ ಒಟ್ಟು ₹24,500.

ಮರ್ಯಾದೆಯ ಪತ್ರ ಹೀಗಿರುತ್ತೆ:
"ನಿಮ್ಮ ಕರಾರು ನವೆಂಬರ್ 30ಕ್ಕೆ ಮುಗಿಯುತ್ತದೆ, ನವೀಕರಿಸುತ್ತಿಲ್ಲ. ನವೆಂಬರ್ 24ರಿಂದ 28ರವರೆಗೆ ಕೆಲಸದ ವೇಳೆಯಲ್ಲೇ ಕೆಲಸ, ಗುರುತಿನ ಚೀಟಿ, ಉಪಕರಣ ಒಪ್ಪಿಸಿ. ಸಂಬಳ ಡಿಸೆಂಬರ್ 7ರೊಳಗೆ, ಗ್ರಾಚ್ಯುಟಿ 30 ದಿನದೊಳಗೆ ನಿಮ್ಮ ಖಾತೆಗೆ ಬರುತ್ತದೆ. ಲೆಕ್ಕದ ಹಾಳೆ, ಅನುಭವ ಪತ್ರ ಲಗತ್ತಿಸಿದೆ. ನಿಮ್ಮ ಕೆಲಸಕ್ಕೆ ಧನ್ಯವಾದ."

ಇಷ್ಟೇ. "ಕೆಲಸ ತೃಪ್ತಿಕರವಾಗಿಲ್ಲ" ಅಂತ ಒಂದು ಸಾಲು ಸೇರಿಸಿದ್ರೆ ಕತೆ ಬೇರೆ. ಅವಧಿ ಮುಗಿದದ್ದು ಹೋಗಿ ಕಳಂಕ ಹಚ್ಚಿ ಕಳಿಸಿದಂಗಾಗುತ್ತೆ, ಮಾತು ಕೋರ್ಟಿಗೂ ಹೋಗಬಹುದು. ಹಸ್ತಾಂತರವೂ ಅಷ್ಟೇ: ಡಿಸೆಂಬರ್ 3ಕ್ಕೆ "ಬಂದು ಸ್ಟಾಕ್ ತೋರಿಸಿ ಹೋಗಿ" ಅಂದ್ರೆ ಅದು ಬಿಟ್ಟಿ ದುಡಿಮೆ.

4/4
ಪತ್ರ ಕೊಟ್ರೆ ಕೇಸ್ ಹಾಕ್ತಾರೆ ಅನ್ನೋ ಭಯ ಅವರಿಗೆ. ಹೌದಾ? ದಿನಾಂಕ, ಲೆಕ್ಕ ಎರಡೂ ಬರೆದಿದ್ರೆ ಜಗಳಕ್ಕೆ ಏನು ಉಳೀತು? ಅವಧಿ ಮುಗಿಯೋದಕ್ಕೆ ಮುಂಚಿತ ನೋಟಿಸ್ ಸಾಮಾನ್ಯವಾಗಿ ಕಡ್ಡಾಯ ಅಲ್ಲ ನಿಜ, ನಿಮ್ಮ ಕರಾರಲ್ಲಿ ಬರೆದಿದ್ರೆ ಬೇರೆ ಮಾತು. ಆದ್ರೂ ಬಾಡಿಗೆ ಮನೆ ಬಿಟ್ಟು ಬೇರೆ ಕೆಲಸ ಹುಡುಕೋರಿಗೆ ತಿಂಗಳ ಮುಂಚೆ ಹೇಳೋಕೆ ಕಾನೂನೇ ಬರಬೇಕಾ?

ಹೊರಡೋ ಮುಂಚೆ ಕರಾರಿನ ಪ್ರತಿ, ಸಂಬಳದ ಚೀಟಿಗಳ ಫೋಟೋ ಇಟ್ಕೊಳ್ಳಿ. ಪಿಎಫ್ ಖಾತೇಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ನೋಡಿ. ಹಾಕದಿದ್ರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲಲ್ಲಿ ನೀವೇ ಹಾಕಬಹುದು.